ಹತ್ತು ನಿಮಿಷಕ್ಕೂ ಮುಕ್ಕಾಲು ಗಂಟೆಗೂ ಅದೇ ಸ್ಲೈಡುಗಳು

ಬೆಂಗಳೂರಿನಲ್ಲಿ ನಾನು ಮಳೆನೀರು ಕೊಯ್ಲಿನ ಬಗ್ಗೆ ಮಾತನಾಡುತ್ತೇನೆ. ಒಂದು ದಿನ ಕೇಳುಗರು ಅಪಾರ್ಟ್‌ಮೆಂಟ್ ನಿವಾಸಿಗಳಾದರೆ ಮರುದಿನ ಪ್ಲಂಬರ್‌ಗಳು, ಇನ್ನೊಂದು ದಿನ ಶಾಲಾ ಮಕ್ಕಳು. ಒಮ್ಮೆ ನಿವಾಸಿಗಳ ಸಭೆಯಲ್ಲಿ ನನಗೆಂದಿದ್ದ ನಲವತ್ತು ನಿಮಿಷ ಹದಿನೈದಕ್ಕೆ ಇಳಿಯಿತು. ಸ್ಲೈಡುಗಳನ್ನು ದಾಟಿಸುತ್ತ ನೇರವಾಗಿ ಟ್ಯಾಂಕಿನ ಅಳತೆಗೆ ಬಂದೆ. "ಈ 0.8 ಯಾಕೆ ಗುಣಿಸಿದಿರಿ?" ಎಂದು ಮುಂದೆ ಕುಳಿತಿದ್ದವರು ಕೇಳಿದರು. ಅದರ ವಿವರಣೆ ನಾನು ದಾಟಿಸಿದ ಸ್ಲೈಡಿನಲ್ಲಿತ್ತು. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಮಯ ಮುಗಿಯಿತು. ಇಂಗುಗುಂಡಿಯ ಮಾತೇ ಬರಲಿಲ್ಲ.

ಮನೆಗೆ ಬಂದು ಮೂವತ್ತೆರಡು ಸ್ಲೈಡುಗಳನ್ನೂ ಮುದ್ರಿಸಿ ನೆಲದ ಮೇಲೆ ಹರಡಿದೆ. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ, ಇದು ಅರ್ಥವಾಗಲು ಕೇಳುಗರಿಗೆ ಮೊದಲೇ ಏನು ಗೊತ್ತಿರಬೇಕು ಎಂದು ಬರೆದೆ. ಮೂರೇ ಸಂಗತಿಗಳು ಮತ್ತೆ ಮತ್ತೆ ಬಂದವು: ಚಾವಣಿಗೆ ಎಷ್ಟು ನೀರು ಬೀಳುತ್ತದೆ, ಅದರಲ್ಲಿ ಎಷ್ಟು ಕೈಗೆ ಸಿಗುತ್ತದೆ, ಮೊದಲ ಮಳೆಯ ಕೊಳೆನೀರನ್ನು ಏಕೆ ಹೊರಬಿಡಬೇಕು. ಅದುವರೆಗೆ ನನಗೆ ಪ್ರಿಯವಾದ ಸ್ಲೈಡುಗಳೇ ಭಾಷಣದ ತಿರುಳು ಎಂದುಕೊಂಡಿದ್ದೆ. ಉಳಿದವು ಯಾವುದರ ಮೇಲೆ ನಿಂತಿವೆಯೋ ಅದೇ ತಿರುಳು ಎಂದು ಅಂದು ತಿಳಿಯಿತು.

ಈಗ ಆ ತಿರುಳು ಐದು ಸ್ಲೈಡು, ಎಂಟು ನಿಮಿಷ. ಉದಾಹರಣೆಯೂ ಒಂದೇ: 100 ಚದರ ಮೀಟರ್ ಚಾವಣಿ, ವರ್ಷಕ್ಕೆ 970 ಮಿಲಿಮೀಟರ್ ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್, ಆದ್ದರಿಂದ 97,000 ಲೀಟರ್. ಆವಿಯಾಗಿ, ಚೆಲ್ಲಿ ಹೋಗುವುದನ್ನು ಕಳೆಯಲು 0.8ರಿಂದ ಗುಣಿಸಿದರೆ 77,600. ಫಿಲ್ಟರ್, ಟ್ಯಾಂಕು, ಇಂಗುಗುಂಡಿ, ಖರ್ಚು ಈ ನಾಲ್ಕು ತುಣುಕುಗಳೂ ಇದೇ ಮನೆಯನ್ನು ಹಿಡಿದು ಸಾಗುತ್ತವೆ. ಆದರೆ ಒಂದು ತುಣುಕು ಇನ್ನೊಂದನ್ನು ನೆಚ್ಚಿಕೊಂಡಿಲ್ಲ. "ಹಿಂದೆ ನೋಡಿದಂತೆ" ಎಂಬ ಮಾತನ್ನು ಎಲ್ಲ ಕಡೆಯಿಂದಲೂ ಅಳಿಸಿದೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಕೊಂಡಿಯನ್ನು ಬಾಯಲ್ಲೇ ಹೇಳುತ್ತೇನೆ, ಏಕೆಂದರೆ ಅದು ಪ್ರತಿ ಸಭೆಗೂ ಬದಲಾಗುತ್ತದೆ.

ಎಲ್ಲವೂ ಒಂದೇ ಪವರ್‌ಪಾಯಿಂಟ್ ಕಡತದಲ್ಲಿವೆ. ಅದರ Custom Slide Show ಸೌಲಭ್ಯದಲ್ಲಿ "ನಿವಾಸಿಗಳು 40", "ಪ್ಲಂಬರ್ 45", "ಶಾಲೆ 10" ಎಂಬ ಪಟ್ಟಿಗಳನ್ನು ಮಾಡಿಟ್ಟಿದ್ದೇನೆ. ಅದು ಸ್ಲೈಡನ್ನು ನಕಲು ಮಾಡದೆ ಮೂಲವನ್ನೇ ತೋರಿಸುತ್ತದೆ, ಹಾಗಾಗಿ ಪೈಪಿನ ದರ ಏರಿದರೆ ಒಂದೇ ಕಡೆ ತಿದ್ದಿದರೆ ಸಾಕು. ಮೊದಲು ಪ್ರತಿ ಸಭೆಗೂ ಬೇರೆ ಕಡತ ಇಟ್ಟಿದ್ದಾಗ ಹಳೆಯ ದರ ಎಲ್ಲೋ ಉಳಿದುಬಿಡುತ್ತಿತ್ತು. ಪಟ್ಟಿ ಬದಲಾದರೂ ಸ್ಲೈಡಿನ ಸಂಖ್ಯೆ ಮೂಲ ಕಡತದ್ದೇ ಕಾಣುವುದರಿಂದ ಸಂಖ್ಯೆಗಳನ್ನು ತೆಗೆದುಹಾಕಿದೆ.

ಪ್ಲಂಬರ್‌ಗಳಿಗೆ ಫಿಲ್ಟರಿನ ತುಣುಕನ್ನು ತಿರುಳಿಗಿಂತ ಮೊದಲೇ ಇಡಲು ನೋಡಿದೆ, ಅದು ಕೂಡಲಿಲ್ಲ. ಎಷ್ಟು ನೀರು ಬರುತ್ತದೆಂದು ತಿಳಿಯದೆ ಫಿಲ್ಟರಿನ ಗಾತ್ರ ಹೇಳಲಾಗದು. ಅವರಿಗೂ ತಿರುಳೇ ಮೊದಲು. ಚಾವಣಿಯ ಚಿತ್ರ ತೋರಿಸುವಾಗ ಮಾತ್ರ ಕೈಯಲ್ಲಿ ನಾಲ್ಕು ಇಂಚಿನ ಪೈಪಿನ ತುಂಡು ಹಿಡಿದಿರುತ್ತೇನೆ.