ಮೇಜಿನ ಕೆಳಗಿನ ವೈರುಗಳು: ಯುಕೆಗೆ ಹೊಸದಾಗಿ ಬಂದಿರೋ ಮನೆಯವರಿಗೆ

ಬಂದ ಮೊದಲನೇ ತಿಂಗಳಲ್ಲೇ ವರ್ಕ್ ಫ್ರಂ ಹೋಮ್‌ಗೆ ಅಂತ ಒಂದು ಮೇಜು ತಗೋತೀರಿ, ಲ್ಯಾಪ್‌ಟಾಪು ಮಾನಿಟರು ರೂಟರು ಎಲ್ಲಾ ಜೋಡಿಸ್ತೀರಿ, ಆಮೇಲೆ ಕೆಳಗೆ ಜೋತಾಡೋ ವೈರುಗಳನ್ನ ನೋಡಕ್ಕಾಗ್ದೆ ಕೊತ್ತಂಬರಿ ಸೊಪ್ಪಿನ ಕಟ್ಟು ಕಟ್ಟೋ ಹಾಗೆ ಬಿಗಿಯಾಗಿ ಕಟ್ಟಿ ಮೇಜಿನ ಹಿಂದೆ ತುರುಕ್ತೀರಿ. ನಾನೂ ಹಂಗೇ ಮಾಡಿದ್ದೆ. ಚಳಿಗಾಲ ಬಂದ್ಮೇಲೆ ಗೊತ್ತಾಯ್ತು ಎಡವಟ್ಟು.

ಆಗಿದ್ದೇನಂದ್ರೆ, 5 ಮೀಟರ್ ಎಕ್ಸ್‌ಟೆನ್ಶನ್ ತಂದಿದ್ದೆ, ಬೇಕಾಗಿದ್ದು ಒಂದೂವರೆ ಮೀಟರ್. ಮಿಕ್ಕಿದ್ದನ್ನ ಸುರುಳಿ ಸುತ್ತಿ, ವೈರುಗಳನ್ನ ಒಟ್ಟಿಗೆ ಮುಚ್ಚಿಡೋ ಒಂದು ಜಿಪ್ ಸ್ಲೀವ್ ಒಳಗೆ ಸೇರಿಸಿಬಿಟ್ಟೆ, ನೋಡಕ್ಕೆ ಬಲು ಚೆಂದ. ನವೆಂಬರ್‌ನಲ್ಲಿ ಕಾಲು ಮರಗಟ್ಟುತ್ತೆ ಅಂತ ಅದೇ ಬೋರ್ಡಿಗೆ 2000 ವಾಟಿನ ಹೀಟರ್ ಹಾಕ್ದೆ. ಸ್ವಲ್ಪ ಹೊತ್ತಿಗೆ ರಬ್ಬರ್ ಕಾದ ವಾಸನೆ. ಸ್ಲೀವ್ ಮುಟ್ಟಿದ್ರೆ ಕೈ ಇಡಕ್ಕಾಗ್ತಿಲ್ಲ, ಜಿಪ್ ಬಿಚ್ಚಿ ನೋಡಿದ್ರೆ ಒಳಗಿನ ಸುತ್ತುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ತಾ ಇದ್ವು.

ಲೆಕ್ಕ ಹಾಕಿ ನೋಡಿ. ಲ್ಯಾಪ್‌ಟಾಪ್ 65 ವಾಟ್, ಮಾನಿಟರ್ 30, ರೂಟರ್ 10, ಎಲ್ಲಾ ಸೇರಿ 105 ವಾಟ್, ಇಲ್ಲಿನ 230 ವೋಲ್ಟಿಗೆ ಅರ್ಧ ಆಂಪಿಯರ್ರೂ ಇಲ್ಲ. ಹೀಟರ್ ಒಂದೇ 8.7 ಆಂಪಿಯರ್ ಎಳೆಯುತ್ತೆ, ಅಂದ್ರೆ ಸುಮಾರು 19 ಪಟ್ಟು. ವೈರಲ್ಲಿ ಹುಟ್ಟೋ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರೋದ್ರಿಂದ ಅದು 350 ಪಟ್ಟಿಗೂ ಜಾಸ್ತಿ. ವೈರು ಬಿಡಿಬಿಡಿಯಾಗಿ ನೆಲದ ಮೇಲಿದ್ರೆ ಆ ಬಿಸಿ ಗಾಳಿಗೆ ಹೋಗುತ್ತೆ, ಸುತ್ತಿ ಮುಚ್ಚಿಟ್ರೆ ಎಲ್ಲಿಗೆ ಹೋಗ್ಬೇಕು? ಪ್ಲಗ್ಗಿನಲ್ಲಿ ಫ್ಯೂಸ್ ಇದ್ಯಲ್ಲ ಅಂತೀರಾ, ಅದು 13 ಆಂಪಿಯರ್‌ದು, 8.7ಕ್ಕೆ ಅದು ಯಾಕೆ ಹೋಗುತ್ತೆ, ವೈರು ಕರಗ್ತಾ ಇದ್ರೂ ಸುಮ್ನೆ ಕೂತಿರುತ್ತೆ. ಅದಕ್ಕೇ ಹೀಟರ್ ಯಾವತ್ತಿದ್ರೂ ನೇರ ಗೋಡೆ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಶನ್ ಬೇಕಾದಷ್ಟೇ ಉದ್ದದ್ದು ತಗೊಳ್ಳಿ. ಊರಿಂದ ಸ್ಪೈಕ್ ಬಸ್ಟರ್ ತಂದಿದ್ರೆ ಅದು ಸಾಮಾನ್ಯವಾಗಿ 6 ಆಂಪಿಯರ್‌ದೇ ಇರುತ್ತೆ, ಟ್ರಾವೆಲ್ ಅಡಾಪ್ಟರ್ ಸಿಕ್ಕಿಸಿ ಅದನ್ನ ಇಲ್ಲಿ ಓಡಿಸೋದು ಬೇಡ, ಇಲ್ಲಿನ ಪ್ಲಗ್ ಇರೋದೇ ಒಂದು ತಗೊಂಡ್ಬಿಡಿ. ವೈರನ್ನ ಕಾರ್ಪೆಟ್ ಅಡಿಗೂ ತೂರಿಸ್ಬೇಡಿ.

ಹಂಗಂತ ಸ್ಲೀವ್ ಕೆಟ್ಟದ್ದೇನಲ್ಲ. ಎಚ್‌ಡಿಎಮ್‌ಐ, ಯುಎಸ್‌ಬಿ, ನೆಟ್‌ವರ್ಕ್ ಕೇಬಲ್, ಮಾನಿಟರ್ ವೈರು ಇವನ್ನ ಧಾರಾಳವಾಗಿ ಅದರೊಳಗೆ ಹಾಕಿ, ಆದ್ರೆ ಸ್ಲೀವ್ ಮುಚ್ಚಿದ್ಮೇಲೂ ಒಂದು ಬೆರಳು ಸಲೀಸಾಗಿ ಒಳಗೆ ಹೋಗ್ಬೇಕು. ಚಾರ್ಜರಿನ ಡಬ್ಬಿ ಮಾತ್ರ ಯಾವಾಗ್ಲೂ ಹೊರಗಿರ್ಲಿ, ಅದು ಮಾಮೂಲಿ ಕೆಲಸದಲ್ಲೇ ಬಿಸಿಯಾಗುತ್ತೆ. ಡ್ರಾಯರ್ ಒಳಗೂ ಬೇಡ, ಎರಡು ಡಬ್ಬಿ ಒಂದರ ಮೇಲೊಂದೂ ಬೇಡ.

ಇನ್ನು ಕಟ್ಟೋದಕ್ಕೆ ಪ್ಲಾಸ್ಟಿಕ್ ಝಿಪ್ ಟೈ ಬೇಡ, ವೆಲ್‌ಕ್ರೋ ಪಟ್ಟಿ ತಗೊಳ್ಳಿ, ಹೂವಿನ ಮಾಲೆ ಕಟ್ಟೋ ಹದದಲ್ಲಿ ಕಟ್ಟಿ: ಜಾರಬಾರ್ದು, ದಂಟೂ ಕತ್ತರಿಸಬಾರ್ದು. ಕಟ್ಟಿದ ಜಾಗದಲ್ಲಿ ಕೇಬಲ್ ಸೊಂಟ ಹಿಡಿದ ಹಾಗೆ ಸಣ್ಣಗಾಗಿ ಕಾಣ್ತಿದ್ರೆ ಬಿಗಿ ಜಾಸ್ತಿಯಾಯ್ತು ಅಂತ ಅರ್ಥ. ತಿರುವು ಎಷ್ಟಿರ್ಬೇಕು ಅಂದ್ರೆ, ಸಾಮಾನ್ಯ ನೆಟ್‌ವರ್ಕ್ ಕೇಬಲ್ ಸುಮಾರು 6 ಮಿಲಿಮೀಟರ್ ದಪ್ಪ, ತಿರುವಿನ ತ್ರಿಜ್ಯ ಅದರ ನಾಲ್ಕು ಪಟ್ಟು ಅಂದ್ರೆ ಎರಡೂವರೆ ಸೆಂಟಿಮೀಟರಿನಷ್ಟು ಬೇಕು. ನಮ್ಮ ಕಾಫಿ ಲೋಟದ ಸುತ್ತ ಸುತ್ತಿದ ಹಾಗೆ ಅಂದ್ಕೊಳ್ಳಿ, ಮೇಜಿನ ಮೂಲೆಯಲ್ಲಿ ಕಾಗದ ಮಡಚಿದ ಹಾಗಲ್ಲ. ಚಾರ್ಜರ್ ವೈರು ಸಾಮಾನ್ಯವಾಗಿ ಕೆಡೋದು ಕುತ್ತಿಗೆ ಹತ್ರ, ಪಿನ್ನಿಂದ ನಾಲ್ಕೈದು ಸೆಂಟಿಮೀಟರ್ ನೇರವಾಗಿ ಬಿಟ್ಟು ಆಮೇಲೆ ಮೊದಲನೇ ಕ್ಲಿಪ್ ಹಾಕಿ. ಲ್ಯಾಪ್‌ಟಾಪ್ ಚಾರ್ಜಿಂಗ್ ಚಿಹ್ನೆ ವೈರು ಅಲ್ಲಾಡಿಸಿದಾಗ ಬಂದು ಹೋಗಿ ಮಾಡ್ತಿದ್ರೆ ಒಳಗೆ ಎಳೆ ಹರಿದಿರಬಹುದು, ಟೇಪ್ ಸುತ್ತಿ ಓಡಿಸ್ಬೇಡಿ, ಬದಲಾಯಿಸಿ. ಮೇಲೆ ಕೆಳಗೆ ಮಾಡೋ ಮೇಜಾದ್ರೆ ಪೂರ್ತಿ ಮೇಲೆತ್ತಿ ಆಮೇಲೇ ಕ್ಲಿಪ್ ಹಾಕಿ, ಇಲ್ದಿದ್ರೆ ಮೀಟಿಂಗ್ ಮಧ್ಯೆ ಎದ್ದು ನಿಂತ ಕೂಡ್ಲೇ ಮಾನಿಟರ್ ಕಪ್ಪಾಗುತ್ತೆ.

ಅಂಟಿನ ಕ್ಲಿಪ್ಪು ಮೇಜಿನ ಅಡಿಯ ಒರಟು ಹಲಗೆಗೆ ನಿಲ್ಲಲ್ಲ, ಎರಡು ದಿನಕ್ಕೆ ಬಿದ್ದುಹೋಗುತ್ತೆ. ಮೇಜಿನ ನುಣುಪಾದ ಅಂಚಿಗೋ ಲೋಹದ ಕಾಲಿಗೋ ಹಾಕಿ, ಮೊದಲು ಸ್ಪಿರಿಟ್‌ನಲ್ಲಿ ಒರೆಸಿ, ಅರ್ಧ ನಿಮಿಷ ಒತ್ತಿ ಹಿಡಿದು ಒಂದು ಗಂಟೆ ಬಿಟ್ಟು ವೈರು ಸಿಕ್ಕಿಸಿ. ಬಾಡಿಗೆ ಮನೆ ಗೋಡೆಗೆ, ಅದ್ರಲ್ಲೂ ವಾಲ್‌ಪೇಪರ್ ಇದ್ರೆ, ಅಂಟಿಸಲೇಬೇಡಿ, ಕೀಳೋವಾಗ ಕಾಗದಾನೂ ಕಿತ್ತು ಬಂದು ಡಿಪಾಸಿಟ್‌ನಲ್ಲಿ ಹಿಡ್ಕೋತಾರೆ. ಮೇಜಿಂದ ಕೀಳೋವಾಗ ಹೇರ್ ಡ್ರೈಯರ್ ಒಂದು ನಿಮಿಷ ಹಿಡಿದು ನಿಧಾನಕ್ಕೆ ಎಳೀರಿ, ಅಂಟೂ ಜೊತೆಗೇ ಬರುತ್ತೆ.