4 ಓಮ್ ಸ್ಪೀಕರ್, 8 ಓಮ್ ಟ್ಯಾಪ್: ನನ್ನ ಅನುಭವ

ತುಮಕೂರಿನ ನಮ್ಮ ಮನೆಯಲ್ಲಿರುವ ಹಳೆಯ ವಾಲ್ವ್ ಆಂಪ್ಲಿಫೈಯರ್‌ಗೆ ಬೇರೆ ಸ್ಪೀಕರ್ ಹಾಕಿದಂದಿನಿಂದ, ವಾಲ್ಯೂಮ್ ಸ್ವಲ್ಪ ಏರಿಸಿದರೂ ದನಿ ಒಡೆಯುತ್ತಿತ್ತು. ವಾಲ್ವ್ ಮೇಲೆ ಅನುಮಾನಪಟ್ಟು ಒಂದು ವಾರ ಕಳೆದೆ. ಕೊನೆಗೆ ಸ್ಪೀಕರ್ ತಂತಿ ಬಿಚ್ಚಿ ಮೀಟರ್ ಹಿಡಿದಾಗ 3.3 ಓಮ್ ತೋರಿಸಿತು. ಮೀಟರ್ ತೋರಿಸುವ ಡಿಸಿ ರೆಸಿಸ್ಟೆನ್ಸ್ ಸ್ಪೀಕರ್‌ನ ಇಂಪೀಡೆನ್ಸ್‌ಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ; ಅಂದರೆ ಅದು 4 ಓಮ್‌ನ ಸ್ಪೀಕರ್, ನಾನು ಜೋಡಿಸಿದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಿಂದ 8 ಓಮ್ ಸ್ಪೀಕರ್‌ಗಾಗಿ ಹೊರತೆಗೆದ ತುದಿಗೆ, ಅಂದರೆ 8 ಓಮ್ ಟ್ಯಾಪ್‌ಗೆ.

ಆಂಪ್ಲಿಫೈಯರ್ ಆಫ್ ಮಾಡಿ, ಕೆಪಾಸಿಟರ್‌ಗಳ ಚಾರ್ಜ್ ಇಳಿಸಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಗೆ 24 ವೋಲ್ಟ್ ಎಸಿ ಕೊಟ್ಟಾಗ ಆ ಟ್ಯಾಪ್‌ನಲ್ಲಿ 0.96 ವೋಲ್ಟ್ ಸಿಕ್ಕಿತು; ಸುತ್ತುಗಳ ಅನುಪಾತ 25. ಆದರ್ಶ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು 25 ಪಟ್ಟು ಇಳಿಸಿ ಕರೆಂಟನ್ನು ಅಷ್ಟೇ ಪಟ್ಟು ಏರಿಸುವುದರಿಂದ, ಸ್ಪೀಕರ್‌ನ ಇಂಪೀಡೆನ್ಸ್ ವಾಲ್ವ್‌ಗೆ 25 × 25, ಅಂದರೆ 625 ಪಟ್ಟು ದೊಡ್ಡದಾಗಿ ಕಾಣುತ್ತದೆ. 8 ಓಮ್‌ಗೆ 5000 ಓಮ್ ಕಾಣುತ್ತಿದ್ದ ವಾಲ್ವ್‌ಗೆ ಈಗ 2500 ಮಾತ್ರ ಕಾಣುತ್ತಿತ್ತು.

4 ಓಮ್ ಟ್ಯಾಪ್‌ನಲ್ಲಿ 0.68 ವೋಲ್ಟ್ ಬಂದಿತು. ಅಲ್ಲಿ ಅನುಪಾತ ಸುಮಾರು 35 ಆಗಿರುವುದರಿಂದ 4 ಓಮ್ ಕೂಡ ಹೆಚ್ಚುಕಡಿಮೆ 5000 ಆಗಿಯೇ ಕಾಣುತ್ತದೆ. ತಂತಿಯನ್ನು ಅಲ್ಲಿಗೆ ಬದಲಿಸಿದೆ, ದನಿ ಒಡೆಯುವುದು ನಿಂತಿತು.