ಪಿ/ಇ 12 ಇದ್ದರೆ ಶೇರು ಅಗ್ಗವೇ? ನೀವೇ ಲೆಕ್ಕ ಹಾಕಿ

ಒಂದು ಕಂಪನಿ ಇದೆ ಎಂದುಕೊಳ್ಳಿ. ಶೇರಿನ ಬೆಲೆ 480 ರೂಪಾಯಿ. ಬೆಲೆ ಒಂದು ಶೇರಿನ ವರ್ಷದ ಗಳಿಕೆಯ ಎಷ್ಟು ಪಟ್ಟು ಎಂದು ಹೇಳುವ ಪಿ/ಇ 12. ಅದೇ ವ್ಯಾಪಾರದ ಬೇರೆ ಕಂಪನಿಗಳದ್ದು 23, 25 ಇದೆ. ಅರ್ಧ ಬೆಲೆಗೆ ಸಿಗ್ತಿದೆ ಅನಿಸುತ್ತೆ ಅಲ್ವಾ? ಕೊಳ್ಳುವ ಮೊದಲು ಆ 12 ಎಲ್ಲಿಂದ ಬಂತು ಎಂದು ನೋಡಿ.

ಮೊದಲು ಲಾಭ ಹುಡುಕಿ. ಕಂಪನಿಗಳು ಮೂರು ತಿಂಗಳಿಗೊಮ್ಮೆ ಕೊಡುವ ಫಲಿತಾಂಶ ಎನ್‌ಎಸ್‌ಇ, ಬಿಎಸ್‌ಇ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಕಳೆದ ನಾಲ್ಕು ತ್ರೈಮಾಸಿಕಗಳ ನಿವ್ವಳ ಲಾಭ ಕೂಡಿ. ನಮ್ಮ ಕಂಪನಿಯದು 400 ಕೋಟಿ ರೂಪಾಯಿ. ಶೇರುಗಳು 10 ಕೋಟಿ. ಅಂದರೆ ಒಂದು ಶೇರಿಗೆ 40 ರೂಪಾಯಿ ಗಳಿಕೆ. ಇದೇ ಇಪಿಎಸ್. ಬೆಲೆಯನ್ನು ಇದರಿಂದ ಭಾಗಿಸಿ:

480 ÷ 40 = 12

ಕಂಪನಿ ವರ್ಷಕ್ಕೆ ಗಳಿಸುವ ಒಂದೊಂದು ರೂಪಾಯಿ ಲಾಭಕ್ಕೂ ಮಾರುಕಟ್ಟೆ 12 ರೂಪಾಯಿ ಕೊಡುತ್ತಿದೆ ಎಂದು ಇದರ ಅರ್ಥ. ಲಾಭ ಬೆಳೆಯುತ್ತದೆ ಎಂಬ ನಂಬಿಕೆ ಇದ್ದಲ್ಲಿ ಜಾಸ್ತಿ ಕೊಡುತ್ತಾರೆ. ಈ ಲಾಭ ಉಳಿಯುವುದಿಲ್ಲ ಎಂಬ ಅನುಮಾನ ಇದ್ದಲ್ಲಿ ಕಡಿಮೆ. ಹಾಗಾದರೆ ಇಲ್ಲಿನ ಅನುಮಾನ ಏನು?

ಫಲಿತಾಂಶದ ಪಟ್ಟಿಗೆ ಮತ್ತೆ ಬನ್ನಿ. ತೆರಿಗೆಯ ಸಾಲಿಗಿಂತ ಸ್ವಲ್ಪ ಮೇಲೆ 'ಎಕ್ಸೆಪ್ಷನಲ್ ಐಟಮ್ಸ್', ಅಂದರೆ ಅಪರೂಪಕ್ಕೆ ಬರುವ ಲಾಭ-ನಷ್ಟದ ಸಾಲು ಇರುತ್ತದೆ. ಬಹಳ ಜನ ಅದನ್ನು ಓದುವುದೇ ಇಲ್ಲ. ನಾನಂತೂ ಮೊದಲು ನೋಡುವುದೇ ಅದನ್ನು. ನಮ್ಮ ಕಂಪನಿ ಆ ವರ್ಷ ಹಳೆಯ ಕಾರ್ಖಾನೆಯ ಜಾಗ ಮಾರಿತ್ತು. ತೆರಿಗೆ ಕಳೆದು ಅದರಿಂದ ಬಂದ ಲಾಭವೇ 200 ಕೋಟಿ. ಜಾಗವನ್ನು ಪ್ರತಿ ವರ್ಷ ಮಾರಲು ಆಗುವುದಿಲ್ಲ. ಆ ಹಣ ಬಿಟ್ಟರೆ ಲಾಭ 200 ಕೋಟಿ, ಇಪಿಎಸ್ 20.

480 ÷ 20 = 24

ಅಗ್ಗ ಎಂದುಕೊಂಡ ಶೇರು ಉಳಿದವುಗಳ ಬೆಲೆಯಲ್ಲೇ ಇದೆ. ಜಾಗದ ದುಡ್ಡು ಒಂದೇ ಸಲದ್ದು ಎಂದು ಮಾರುಕಟ್ಟೆಗೆ ಗೊತ್ತಿತ್ತು.

ಇನ್ನೊಂದು ಕಡೆ ಎಡವುತ್ತೇವೆ. ಫಲಿತಾಂಶದಲ್ಲಿ ಎರಡು ಬಗೆಯ ಲೆಕ್ಕ ಇರುತ್ತದೆ. 'ಸ್ಟ್ಯಾಂಡ್‌ಅಲೋನ್' ಎಂದರೆ ಬರೀ ಆ ಕಂಪನಿಯ ಲೆಕ್ಕ. 'ಕನ್ಸಾಲಿಡೇಟೆಡ್' ಎಂದರೆ ಅದರ ಅಂಗಸಂಸ್ಥೆಗಳನ್ನೂ ಸೇರಿಸಿದ್ದು. ಸಾಮಾನ್ಯವಾಗಿ ಎರಡನೆಯದನ್ನೇ ತೆಗೆದುಕೊಳ್ಳಿ. ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಎನ್ನಲು 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿಯೇ ಸಾಕ್ಷಿ. 2021ರ ಮಾರ್ಚ್ ಕೊನೆಯಲ್ಲಿ ಎನ್‌ಎಸ್‌ಇ ನಿಫ್ಟಿಯ ಪಿ/ಇ ಲೆಕ್ಕವನ್ನು ಸ್ಟ್ಯಾಂಡ್‌ಅಲೋನ್ ಲಾಭದಿಂದ ಕನ್ಸಾಲಿಡೇಟೆಡ್ ಲಾಭಕ್ಕೆ ಬದಲಾಯಿಸಿತು. ಸುಮಾರು 40 ಇದ್ದ ನಿಫ್ಟಿ ಪಿ/ಇ ಒಂದೇ ದಿನದಲ್ಲಿ 33ರ ಹತ್ತಿರಕ್ಕೆ ಇಳಿಯಿತು. ಬದಲಾಗಿದ್ದು ಲೆಕ್ಕ ಹಾಕುವ ರೀತಿ ಅಷ್ಟೆ.

ಕಂಪನಿ ನಷ್ಟದಲ್ಲಿದ್ದರೆ ಪಿ/ಇಗೆ ಅರ್ಥವಿಲ್ಲ, ಬಿಟ್ಟುಬಿಡಿ. ಉಕ್ಕಿನಂಥ ವ್ಯಾಪಾರದಲ್ಲಿ ಮಾತ್ರ ತುಂಬಾ ಹುಷಾರು. ಉಕ್ಕಿನ ಬೆಲೆ ಏರಿದ ವರ್ಷ ಲಾಭ ಉಬ್ಬಿ, ಪಿ/ಇ 5 ಅಥವಾ 6ಕ್ಕೆ ಬಂದಿರುತ್ತದೆ. ಮುಂದೆ ಬೆಲೆ ಬಿದ್ದು ಲಾಭ ಕುಸಿಯಬಹುದು ಎಂದು ಮಾರುಕಟ್ಟೆ ಮೊದಲೇ ಲೆಕ್ಕ ಹಾಕಿರುತ್ತದೆ. ಇಂಥ ಕಡೆ ಒಂದು ವರ್ಷದ ಲಾಭ ಬೇಡ. ಏಳೆಂಟು ವರ್ಷದ ಸರಾಸರಿ ಇಪಿಎಸ್ ತೆಗೆದು, ಇವತ್ತಿನ ಬೆಲೆಯನ್ನು ಅದರಿಂದ ಭಾಗಿಸಿ.